ಹೊರಬರಲು ಮೂರು ಕೀಗಳು

ಫೋನು ರಿಂಗಾದ ಕೂಡಲೇ ಎತ್ತುವುದು ನನ್ನ ಜೀವಮಾನದ ಕೆಲಸವಾಗಿತ್ತು. ವಾಡಿಯ ಒಂದು ಕಾರ್ಖಾನೆಯ ಟೆಲಿಫೋನ್ ಕೋಣೆಯಲ್ಲಿ ಆಪರೇಟರ್ ಆಗಿ ಸೇರಿ ಅಲ್ಲಿಯೇ ನಿವೃತ್ತನಾದೆ. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಕಣ್ಣಿಲ್ಲದವರಿಗೆ ಆಗ ಸಿಗುತ್ತಿದ್ದ ಕೆಲಸ ಅದೊಂದೇ. ಅಷ್ಟು ವರ್ಷಗಳಲ್ಲಿ ಫೋನು ರಿಂಗಾಗುತ್ತಿದೆ ಎಂದು ತಿಳಿದೂ ಸುಮ್ಮನೆ ಕೂತವನಲ್ಲ ನಾನು. ಒಂದೇ ಒಂದು ಸಲ ಕೂತೆ. ಅದು ನಿವೃತ್ತನಾದ ಮೇಲೆ, ನನ್ನ ಸ್ವಂತ ಫೋನಿನ ಮುಂದೆ. ಅದನ್ನು ಹೇಳಿಬಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ಕಂಪ್ಯೂಟರು ಒಂದೇ ಎಂಬಂತಾಯಿತು. ಕಲಬುರಗಿಯಲ್ಲಿ ನಮ್ಮಂಥವರಿಗಾಗಿ ನಡೆದ ತರಬೇತಿಗೆ ಹೋಗಿ ಸ್ಕ್ರೀನ್ ರೀಡರ್ ಕಲಿತಿದ್ದೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ನಮಗೆ ಮೌಸ್ ಬೇಕಿಲ್ಲ, ಎಲ್ಲವೂ ಕೀಬೋರ್ಡಿನಿಂದಲೇ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಪಕ್ಕದ ಮನೆಯವರು ಕೊಟ್ಟ ರೊಟ್ಟಿ ತಿಂದು, ತಣ್ಣನೆಯ ಶಹಾಬಾದ ಕಲ್ಲಿನ ನೆಲದ ಮೇಲೆ ಕಾಲಿಟ್ಟು ಕೂತರೆ ಆ ಯಂತ್ರದ ದನಿ ಸಂಜೆಯವರೆಗೆ ನನ್ನ ಜೊತೆಗಿರುತ್ತಿತ್ತು. ಅದು ಓದುತ್ತಿತ್ತು, ನಾನು ಕೇಳುತ್ತಿದ್ದೆ. ನಾನು ಹೇಳಿದ್ದನ್ನು ಕೇಳುವವರು ಯಾರೂ ಇರಲಿಲ್ಲ.

ಆ ತರಬೇತಿಯಲ್ಲಿ ಕಲಿತವರ ಫೋನ್ ಬಳಗದಿಂದ ನನ್ನ ನಂಬರು ಪಡೆದು ಒಬ್ಬ ಹುಡುಗಿ ಫೋನು ಮಾಡಿದಳು. ಚಿಂಚೋಳಿಯವಳು, ಹುಟ್ಟುಗುರುಡಿ, ತಾಯಿಯ ಜೊತೆ ಇರುವವಳು. ಸೇಡಂನ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ತೂಕವಾದ ಲಾರಿಗಳಿಗೆ ಗೇಟ್ ದಾಟುವ ಚೀಟಿ ಮಾಡುವುದು, ಬಂದ ಫೋನುಗಳಿಗೆ ಉತ್ತರ ಕೊಡುವುದು. ದಿನವೂ ಬಸ್ಸಿನಲ್ಲಿ ಹೋಗಿಬರುವುದು ಆಗದು ಎಂದು, ಚಿಂಚೋಳಿಯ ಮನೆಯ ಲ್ಯಾಪ್‌ಟಾಪಿನಿಂದಲೇ ನೆಟ್ ಮೂಲಕ ಸೇಡಂನ ಕಂಪ್ಯೂಟರಿನೊಳಗೆ ಹೋಗಿ ಕೆಲಸ ಮಾಡಲು ಮಾಲೀಕರು ಒಪ್ಪಿದ್ದರು. ತೊಗರಿ ಸುಗ್ಗಿ ಮುಗಿಯುವವರೆಗೆ ನೋಡುವುದು, ಸರಿಯಾಗಿ ಮಾಡಿದರೆ ಕಾಯಂ ಮಾಡುವುದು, ಇದು ಮಾತು.

"ಕಾಕಾ, ಸೇಡಂ ಕಂಪ್ಯೂಟರ್ ಒಳಗ ಹೋದ್ರ ಆವಾಜೇ ಬರವಲ್ದು ನೋಡ್ರಿ. ಬಾವ್ಯಾಗ ಬಿದ್ದಂಗ ಆಗ್ತದ," ಎಂದಳು.

"ಬಾವ್ಯಾಗ ಬಿದ್ರ ದಪ್ಪ್ ಅಂತ ಸಪ್ಪಳರ ಬರ್ತದ ಮಗಳಾ. ಇದು ಅದಕ್ಕಿಂತ ಖರಾಬು," ಎಂದೆ.

ಅವಳು ನಕ್ಕಳು. ನನ್ನ ಮಾತಿಗೆ ಒಬ್ಬರು ನಕ್ಕು ಬಹಳ ದಿನಗಳಾಗಿದ್ದವು.

ಅವಳ ತೊಂದರೆ ನನಗೆ ಗೊತ್ತಿದ್ದದ್ದೇ. ದೂರದ ಕಂಪ್ಯೂಟರನ್ನು ಹೀಗೆ ತೆರೆದಾಗ ಅದರ ಪರದೆ ನಮ್ಮ ಲ್ಯಾಪ್‌ಟಾಪಿಗೆ ಬರೀ ಚಿತ್ರವಾಗಿ ಬರುತ್ತದೆ. ಕಣ್ಣಿದ್ದವರಿಗೆ ಅಷ್ಟು ಸಾಕು. ನಮ್ಮ ಕಡೆಯ ಸ್ಕ್ರೀನ್ ರೀಡರಿಗೆ ಆ ಚಿತ್ರದಲ್ಲಿ ಓದಲು ಏನೂ ಇರುವುದಿಲ್ಲ. ಆದ್ದರಿಂದ ದೂರದ ಕಂಪ್ಯೂಟರಿನಲ್ಲಿಯೂ ಒಂದು ಸ್ಕ್ರೀನ್ ರೀಡರ್ ಇರಬೇಕು, ಅದರ ದನಿ ನಮ್ಮ ಕಡೆಗೆ ಹರಿದುಬರಬೇಕು. ಮಿಲ್ಲಿನ ಲೆಕ್ಕ ಬರೆಯುವ ಮುನೀಮರಿಗೆ ಹೇಳಿ ಸೇಡಂನಲ್ಲಿ ಒಂದನ್ನು ಹಾಕಿಸಿದೆವು. ಸಂಪರ್ಕದ ಸೆಟ್ಟಿಂಗಿನಲ್ಲಿ, ದೂರದ ಸದ್ದು ಈ ಕಂಪ್ಯೂಟರಿನಲ್ಲೇ ಕೇಳಬೇಕು ಎಂಬುದನ್ನು ಆರಿಸಲು ಅವಳಿಗೆ ಹೇಳಿದೆ. ದನಿ ಬಂತು. ಕೀ ಒತ್ತಿ ಒಂದು ಗಳಿಗೆ ತಡವಾಗಿ ಬರುತ್ತಿತ್ತು, ಆದರೂ ಬಂತು.

ಆಮೇಲೆ ಇನ್ನೊಂದು ಜಗಳ ಶುರುವಾಯಿತು. ಸ್ಕ್ರೀನ್ ರೀಡರಿಗೆ ಅಪ್ಪಣೆ ಕೊಡುವ ಕೀ ಎರಡೂ ಕಡೆ ಒಂದೇ, ಇನ್ಸರ್ಟ್. ಅವಳು ಒತ್ತಿದ್ದು ಸೇಡಂಗೆ ಎಂದು, ಉತ್ತರ ಕೊಡುತ್ತಿದ್ದದ್ದು ಚಿಂಚೋಳಿಯದು.

"ಇಬ್ರು ಸೊಸ್ತೇರು ಒಂದೇ ಸೌಟಿಗೆ ಕೈ ಹಾಕಿದಂಗ ಆಗೇದ ರೀ ಕಾಕಾ."

"ಒಬ್ಬಾಕಿನ್ನ ಮಲಗಿಸಬೇಕು," ಎಂದೆ.

ನಮ್ಮ ಸ್ಕ್ರೀನ್ ರೀಡರಿನಲ್ಲಿ ಆ ಸೌಲಭ್ಯವಿದೆ. ಯಾವುದಾದರೂ ಒಂದು ಪ್ರೋಗ್ರಾಮಿನ ಮಟ್ಟಿಗೆ ಮಾತ್ರ ಅದನ್ನು ಮಲಗಿಸಬಹುದು. ಅಲ್ಲಿ ಅದು ಮಾತಾಡುವುದಿಲ್ಲ, ಕೀಗಳನ್ನೂ ಹಿಡಿಯುವುದಿಲ್ಲ. ಬೇರೆ ಪ್ರೋಗ್ರಾಮಿಗೆ ಬಂದರೆ ತಾನೇ ಎಚ್ಚರವಾಗುತ್ತದೆ. ದಿನವೂ ಸಂಪರ್ಕದ ವಿಂಡೋ ತೆರೆದ ಕೂಡಲೇ ಚಿಂಚೋಳಿಯದನ್ನು ಮಲಗಿಸಿ ಒಳಗೆ ಹೋಗುವುದನ್ನು ಅವಳಿಗೆ ರೂಢಿ ಮಾಡಿಸಿದೆ. ಎರಡಕ್ಕೂ ಬೇರೆ ಬೇರೆ ದನಿ ಇಡಿಸಿದೆ. ಸೇಡಂಗೆ ಗಂಡಸಿನ ದನಿ, ಚಿಂಚೋಳಿಗೆ ಹೆಂಗಸಿನದು. ಯಾವ ಊರಲ್ಲಿದ್ದೇನೆ ಎಂದು ದನಿಯಿಂದಲೇ ಅವಳಿಗೆ ತಿಳಿಯುತ್ತಿತ್ತು.

ಸೇಡಂನಲ್ಲಿ ಅವಳು ತೂಕದ ವಿಂಡೋದಿಂದ ಚೀಟಿಯ ವಿಂಡೋಗೆ ಗಳಿಗೆಗೊಮ್ಮೆ ಹೋಗಿಬರಬೇಕು. ಅದಕ್ಕೆ ಆಲ್ಟ್ ಟ್ಯಾಬ್. ಆ ಕೀಗಳು ಸೇಡಂಗೆ ಮುಟ್ಟಬೇಕೆಂದರೆ ಸಂಪರ್ಕ ಪೂರ್ತಿ ಪರದೆಯಲ್ಲಿರಬೇಕು. ಹಾಗೆ ಇಡಿಸಿದೆ. ಇಲ್ಲಿಯವರೆಗೆ ನಾನು ಕಲಿಸಿದ್ದರಲ್ಲಿ ತಪ್ಪಿಲ್ಲ.

ಆದರೆ ಪೂರ್ತಿ ಪರದೆಯಲ್ಲಿ ಆಲ್ಟ್ ಟ್ಯಾಬ್ ಒತ್ತಿದರೆ ಚಿಂಚೋಳಿಗೆ ವಾಪಸು ಬರಲಾಗುವುದಿಲ್ಲ. ಸೇಡಂನ ಒಳಗೇ ತಿರುಗುತ್ತದೆ. ಸೇಡಂನ ದನಿ ನಿಂತುಹೋದರೆ ಅವಳ ಕಿವಿಗೆ ಏನೂ ಇಲ್ಲ. ಆ ಕಡೆಯದು ಕೇಳಿಸುವುದಿಲ್ಲ, ಈ ಕಡೆಯದು ಮಲಗಿದೆ. ನೆಟ್ ಹೋಗಿ ಮರುಸಂಪರ್ಕ ನಡೆದಿದೆ ಎಂಬ ಸಂದೇಶ ಪರದೆಯ ಮೇಲೆ ಬಂದರೂ, ಅದು ಅದೇ ಪ್ರೋಗ್ರಾಮಿನದಾದ್ದರಿಂದ ಅದನ್ನೂ ಯಾರೂ ಓದುವುದಿಲ್ಲ. ಅಲ್ಲಿಂದ ಬರಲು ದಾರಿಯಿದೆ. ಕಂಟ್ರೋಲ್, ಆಲ್ಟ್, ಹೋಮ್, ಮೂರನ್ನೂ ಒಟ್ಟಿಗೆ ಒತ್ತಬೇಕು. ಆಗ ಹಿಡಿತ ಪರದೆಯ ಮೇಲ್ತುದಿಯ ಸಂಪರ್ಕ ಪಟ್ಟಿಗೆ, ಎಂದರೆ ನಮ್ಮ ಕಡೆಗೆ ಬರುತ್ತದೆ. ಆಮೇಲೆ ಆಲ್ಟ್ ಟ್ಯಾಬ್ ಒತ್ತಿದರೆ ನಮ್ಮ ಊರಿಗೆ ಬಂದ ಹಾಗೆ. ನಮ್ಮ ದನಿ ಮಾತಾಡುತ್ತದೆ.

ಇದನ್ನು ಮಾತ್ರ ನಾನು ಅವಳಿಗೆ ಹೇಳಲಿಲ್ಲ.

ಮರೆತೆನೆಂದು ಹೇಳಿಕೊಳ್ಳಬಹುದು. ಮೊದಲ ದಿನ ಮರೆತದ್ದು ನಿಜ. ಎರಡು ದಿನಕ್ಕೆ ಫೋನು ಬಂತು.

"ಕಾಕಾ, ಸುಮ್ಮಂದ್ರ ಸುಮ್ಮ ಆಗೇದ. ಏನ್ ಒತ್ತಿದ್ರೂ ಇಲ್ಲ. ಎಲ್ಲಿ ಅದೀನಿ ಅಂತ ಗೊತ್ತಾಗವಲ್ದು."

ನಮ್ಮ ಸ್ಕ್ರೀನ್ ರೀಡರಿನಲ್ಲಿ ಒಬ್ಬರ ಕಂಪ್ಯೂಟರಿಗೆ ಇನ್ನೊಬ್ಬರು ನೆರವಿಗೆ ಬರುವ ದಾರಿಯಿದೆ. ನಾವಿಬ್ಬರೂ ಮೊದಲೇ ಇಟ್ಟುಕೊಂಡಂಥ ಒಂದು ಗುಪ್ತ ಪದವಿದ್ದರೆ ಸಾಕು, ನಾನು ವಾಡಿಯಲ್ಲಿ ಒತ್ತಿದ ಕೀ ಅವಳ ಲ್ಯಾಪ್‌ಟಾಪಿನಲ್ಲಿ ಒತ್ತಿದಂತೆ. "ಗಾಬರಿ ಆಗಬ್ಯಾಡ. ನಾ ಒಳಗ ಬಂದು ಎತ್ತತೀನಿ," ಎಂದೆ. ಹೋಗಿ ಮೂರು ಕೀ ಒತ್ತಿದೆ, ಆಲ್ಟ್ ಟ್ಯಾಬ್ ಒತ್ತಿದೆ. ಚಿಂಚೋಳಿಯ ದನಿ ಅವಳ ಕಿವಿಗೂ ನನ್ನ ಕಿವಿಗೂ ಒಟ್ಟಿಗೆ ಬಂತು.

"ಅಯ್ಯಯ್ಯ! ಬಂತ್ರಿ! ಏನ್ ಒತ್ತಿದ್ರಿ ಕಾಕಾ?"

ಹೇಳಬೇಕಾದದ್ದು ಆಗ. ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದು: "ಅದು ಒಂದೊಂದ್ ಸಲ ಒಂದೊಂದ್ ಥರ ಇರ್ತದ ಮಗಳಾ. ನಿಂಗ ತಿಳಿಯಾಂಗಿಲ್ಲ. ನಿಂತ್ರ ಫೋನ್ ಮಾಡು."

ಅವಳು ಮಾಡಿದಳು. ಚಿಂಚೋಳಿಯಲ್ಲಿ ನೆಟ್ ಹೋಗಿಬರುವುದು ಸಾಮಾನ್ಯ. ವಾರದಲ್ಲಿ ಮೂರು ನಾಲ್ಕು ಸಲವಾದರೂ ಫೋನು ಬರುತ್ತಿತ್ತು. ನಾನು ಹೊರಗೆ ತಂದ ಮೇಲೆ ಅವಳು ಕೂಡಲೇ ಫೋನು ಇಡುತ್ತಿರಲಿಲ್ಲ. ಊಟ ಆಯ್ತೇನ್ರಿ ಎಂದು ಕೇಳುತ್ತಿದ್ದಳು. ಅವಳ ತಾಯಿ ಹಿಂದಿನಿಂದ, "ಆ ಅಣ್ಣಗ ಕೇಳು, ಮಂಡಿ ನೋವು ಕಡಿಮಿ ಆಯ್ತಾ ಅಂತ," ಎನ್ನುತ್ತಿದ್ದರು. ನನ್ನ ಮಂಡಿಯ ಸುದ್ದಿ ಇನ್ನೊಂದು ಊರಿನ ಮನೆಯೊಂದರಲ್ಲಿ ಮಾತಾಗುತ್ತದೆ ಎಂಬುದೇ ನನಗೆ ಹಬ್ಬದಂತಿತ್ತು. ಫೋನು ಬಾರದ ದಿನ ಸಂಜೆಯಾದರೆ ಸಾಕು, ಚಿಂಚೋಳಿಯ ನೆಟ್ ಇವತ್ತು ಚೆನ್ನಾಗಿರಬೇಕು ಎಂದುಕೊಳ್ಳುತ್ತಿದ್ದೆ. ಅದರಲ್ಲಿ ಸಂತೋಷ ಇರುತ್ತಿರಲಿಲ್ಲ.

ಅವಳು ಇನ್ನೂ ಎರಡು ಸಲ ಕೇಳಿದಳು. ಒಮ್ಮೆ ಹೆದರುತ್ತ, "ಕಾಕಾ, ನೀವು ಊರಾಗ ಇಲ್ದಾಗ ನಿಂತ್ರ ಏನ್ ಮಾಡ್ಲಿ?" ಎಂದಳು. "ನಾ ಎಲ್ಲಿ ಹೋಗ್ತೀನಿ? ಇಲ್ಲೇ ಇರ್ತೀನಿ," ಎಂದೆ. ಬಹಳ ಪ್ರೀತಿಯಿಂದಲೇ ಹೇಳಿದೆ. ಆ ಮಾತಿನ ಒಳಗಿದ್ದದ್ದು ನನಗೆ ಮಾತ್ರ ಗೊತ್ತಿತ್ತು.

ಸುಗ್ಗಿ ಜೋರಾಯಿತು. ಮುನೀಮರು ತಂಗಿಯ ಮಗನ ಮದುವೆಗೆ ಹೋಗುವವರಿದ್ದರು. ಅವರಿಲ್ಲದ ದಿನ ಚೀಟಿಯ ಕೆಲಸವೆಲ್ಲ ಅವಳೊಬ್ಬಳದೇ. ಅದೊಂದು ದಿನ ಸರಿಯಾಗಿ ದಾಟಿದರೆ ಕಾಯಂ ಎಂದು ಮಾಲೀಕರು ಹೇಳಿದ್ದನ್ನು ಅವಳು ನನಗೆ ಹೇಳಲಿಲ್ಲ. ಅವಳ ತಾಯಿ ಹೇಳಿದ್ದರು. ಅವಳು ನಾಲ್ಕೈದು ದಿನಗಳಿಂದ ಫೋನೇ ಮಾಡಿರಲಿಲ್ಲ. ಕೆಲಸ ಹೆಚ್ಚಿತ್ತು, ನೆಟ್ ಚೆನ್ನಾಗಿತ್ತು, ಅಷ್ಟೇ. ನಾನು ಮಾತ್ರ ಮುನಿಸಿಕೊಂಡಿದ್ದೆ. ಬಾವಿಗೆ ಬಿದ್ದಾಗ ಮಾತ್ರ ಕಾಕಾ ಬೇಕು ಎಂದು ಒಬ್ಬನೇ ಗೊಣಗುತ್ತಿದ್ದೆ.

ಮುನೀಮರು ಮದುವೆಗೆ ಹೋದ ಆ ದಿನ ಮಧ್ಯಾಹ್ನದ ಮೊದಲು ಫೋನು ರಿಂಗಾಯಿತು. ಅವಳ ಹೆಸರನ್ನು ಫೋನು ಓದಿ ಹೇಳಿತು. ಕೈ ಚಾಚಿದೆ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಒಂದು ಸಲ ಒದ್ದಾಡಲಿ, ಕಾಕಾ ಇಲ್ಲದಿದ್ದರೆ ಹೇಗಿರುತ್ತದೆ ಎಂದು ತಿಳಿಯಲಿ ಎಂದುಕೊಂಡೆ. ರಿಂಗಾಗಿ ನಿಂತಿತು. ಮತ್ತೆ ರಿಂಗಾಯಿತು. ಸ್ಟೇಷನ್ನಿನ ಕಡೆ ಒಂದು ಗೂಡ್ಸ್ ಗಾಡಿ ಹೊರಟಿತ್ತು. ಅದರ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ಹೇಳಬಹುದು ಎಂದು ಲೆಕ್ಕ ಹಾಕಿದ್ದೂ ನೆನಪಿದೆ. ಮೂರನೆಯ ಸಲ ರಿಂಗಾಗಿ ನಿಂತ ಮೇಲೆ ಮತ್ತೆ ಬರಲಿಲ್ಲ. ಆಗ ನನಗೆ ದಿಗಿಲಾಯಿತು. ನಾನೇ ಮಾಡಿದೆ. ಅವಳು ಎತ್ತಲಿಲ್ಲ.

ಸಂಜೆ ಅವಳ ತಾಯಿ ಎತ್ತಿದರು. ನಡೆದದ್ದು ಇದು. ನೆಟ್ ಹೋಗಿ ಬಂದಿತ್ತು. ಸಂಪರ್ಕ ಮರಳಿತ್ತು, ಆದರೆ ಸದ್ದು ಮರಳಿರಲಿಲ್ಲ. ಅವಳ ಮಟ್ಟಿಗೆ ಲೈನೇ ಸತ್ತುಹೋಗಿತ್ತು. ನಿಜವಾಗಿ ಸತ್ತದ್ದು ದನಿ ಮಾತ್ರ. ಕೀಗಳೆಲ್ಲ ಸೇಡಂಗೆ ಹೋಗಿ ಮುಟ್ಟುತ್ತಲೇ ಇದ್ದವು. ಹೊರಬರಲು ಅವಳು ಆಲ್ಟ್ ಟ್ಯಾಬ್ ಒತ್ತಿದಳು, ಎಂಟರ್ ಒತ್ತಿದಳು, ಮತ್ತೆ ಒತ್ತಿದಳು. ಸೇಡಂನ ಪ್ರಿಂಟರು ಚೀಟಿಯ ಮೇಲೆ ಚೀಟಿ ಹೊರಹಾಕಿತು. ಹೀಗೆ ದೂರದಿಂದ ಒಳಹೋದಾಗ ಅಲ್ಲಿನ ಪರದೆ ಬೀಗ ಹಾಕಿದಂತಿರುತ್ತದೆ, ಆದ್ದರಿಂದ ಅವಳು ಏನು ಒತ್ತುತ್ತಿದ್ದಾಳೆ ಎಂದು ಅಲ್ಲಿ ಯಾರಿಗೂ ಕಾಣಿಸಲಿಲ್ಲ. ಒಂದೇ ಲಾರಿಗೆ ಹಲವು ಚೀಟಿ, ಇನ್ನೂ ತೂಕವಾಗದ ಲಾರಿಗೂ ಚೀಟಿ. ಗೇಟಿನಲ್ಲಿ ಡ್ರೈವರುಗಳು ಜಗಳಕ್ಕೆ ಬಿದ್ದರು. ಕೊನೆಗೆ ಅವಳು ಲ್ಯಾಪ್‌ಟಾಪಿನ ಪವರ್ ಬಟನ್ ಹಿಡಿದು ಆರಿಸಿದ್ದಳು. ನಾಳೆಯಿಂದ ಬೇಡ ಎಂದು ಮಾಲೀಕರು ಹೇಳಿಬಿಟ್ಟಿದ್ದರು.

ಫೋನು ಅವಳ ಕೈಗೆ ಹೋಯಿತು. "ನೀವು ಪೂಜಾದಾಗ ಇದ್ರೇನೋ ಕಾಕಾ. ನಂದೇ ನಸೀಬು," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ವಾಡಿಯಿಂದ ಪ್ಯಾಸೆಂಜರ್ ಹಿಡಿದು ಸೇಡಂಗೆ ಹೋದೆ. ಚಿತ್ತಾಪುರದಲ್ಲಿ ಹತ್ತಿದವರೊಬ್ಬರು ನನ್ನ ಕೋಲು ನೋಡಿ, "ಎಲ್ಲಿಗ್ರಿ ಯಜಮಾನ್ರ?" ಎಂದರು. ಬೇಳೆ ಮಿಲ್ಲಿಗೆ ಎಂದೆ. "ತೊಗರಿ ತಂದೀರೇನು?" ಎಂದು ನಕ್ಕರು. ಇಳಿದ ಮೇಲೆ ಅವರೇ ಆಟೋ ಹತ್ತಿಸಿ ಕಳಿಸಿದರು.

ಮಿಲ್ಲಿನ ಆಫೀಸಿನಲ್ಲಿ ಬೇಳೆಯ ಧೂಳು ಮೂಗಿಗೆ ಹತ್ತುತ್ತಿತ್ತು. ಮಾಲೀಕರು ಕುರ್ಚಿ ಕೊಡಿಸಿದರು. ಮದುವೆಯಿಂದ ಮುನೀಮರೂ ಬಂದಿದ್ದರು. ತಪ್ಪು ಹುಡುಗಿಯದಲ್ಲ, ನನ್ನದು ಎಂದೆ.

"ಅಜ್ಜಾ, ನೀವು ವಾಡ್ಯಾಗ, ಆಕಿ ಚಿಂಚೋಳ್ಯಾಗ, ಚೀಟಿ ಬಂದಿದ್ದು ನನ್ನ ಪ್ರಿಂಟರ್‌ನಾಗ. ನಿಮ್ಮದು ಹ್ಯಾಂಗ ತಪ್ಪು?" ಎಂದರು ಮಾಲೀಕರು.

"ಒಬ್ರಿಗೊಬ್ರು ಮುಚ್ಚಾಕತ್ತಾರ ತಗೋರಿ," ಎಂದು ಮುನೀಮರು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದೆಲ್ಲ ನನಗೆ ಕೇಳಿಸುತ್ತದೆ.

"ಮುಚ್ಚಾಕ ಬಂದಿಲ್ರಿ. ಮುಚ್ಚಿಟ್ಟಿದ್ದು ಬಿಚ್ಚಾಕ ಬಂದೀನಿ," ಎಂದೆ. "ದನಿ ನಿಂತ್ರ ಹೊರಗ ಬರೋ ದಾರಿ ಐತಿ. ನಂಗ ಗೊತ್ತಿತ್ತು. ಆಕಿ ಕೇಳಿದ್ಲು. ನಾ ಹೇಳ್ಲಿಲ್ಲ. ಹೇಳಿದ್ರ ಫೋನ್ ಮಾಡಾಂಗಿಲ್ಲ ಅಂತ ಹೇಳ್ಲಿಲ್ಲ. ನಿನ್ನಿ ಫೋನ್ ಬಂದಾಗ ಎದುರಿಗೇ ಕುಂತಿದ್ದೆ. ಎತ್ತಲಿಲ್ಲ."

ಹೊರಗೆ ಜರಡಿ ಯಂತ್ರ ಓಡುತ್ತಿತ್ತು.

"ಈಗ ಹೇಳ್ತೀನಿ, ನಿಮ್ಮೆಲ್ಲರ ಮುಂದ. ಆಕಿನ್ನ ಒಂದ್ ಸಲ ಕೆಲಸಕ್ಕ ಕೂಡಿಸ್ರಿ. ನೀವೇ ದನಿ ಕಡೀರಿ. ಆಕಿ ತಾನೇ ಹೊರಗ ಬಂದ್ರ ಕೆಲಸ ಕೊಡ್ರಿ, ಇಲ್ಲಂದ್ರ ಬಿಡ್ರಿ."

ಮಾಲೀಕರು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ಸುಗ್ಗಿಯಲ್ಲಿ ಇನ್ನೊಬ್ಬರನ್ನು ಹುಡುಕುವ ತಲೆನೋವೂ ಅವರಿಗಿತ್ತು ಎಂದು ಕಾಣುತ್ತದೆ. ಅವಳಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿ ಇಟ್ಟರು. ಪ್ರಿಂಟರನ್ನು ಆರಿಸಿಟ್ಟರು. ಅವಳು ಚಿಂಚೋಳಿಯಿಂದ ಒಳಗೆ ಬಂದಳು.

"ಮಗಳಾ," ಎಂದೆ, "ಸೇಡಂ ದನಿ ಕೇಳಸ್ತದ?"

"ಹೌದ್ರಿ. ನೀವು ಅಲ್ಲ್ಯಾಕ ಹೋಗೀರಿ ಕಾಕಾ?"

"ಹೇಳ್ತೀನಿ. ದನಿ ನಿಂತಾಗ ಕಂಟ್ರೋಲ್, ಆಲ್ಟ್, ಹೋಮ್, ಮೂರೂ ಒಮ್ಮೆಗೇ ಒತ್ತು. ಬಿಡು. ಆಮ್ಯಾಲ ಆಲ್ಟ್ ಟ್ಯಾಬ್. ನಿನ್ನ ಊರಿಗೆ ಬರ್ತಿ. ಅಲ್ಲಿಂದ ಸಂಪರ್ಕ ಮುಚ್ಚಿ ಮತ್ತ ಹಚ್ಚು. ದನಿ ಬರೋಮಟ ಎಂಟರ್ ಮುಟ್ಟಬ್ಯಾಡ."

ಮುನೀಮರು ಕಂಪ್ಯೂಟರಿನ ಹಿಂದಿನ ನೆಟ್ ವೈರನ್ನು ಕಿತ್ತರು. ಫೋನಿನಲ್ಲಿ ಅವಳ ಕೀಬೋರ್ಡಿನ ಸದ್ದು ನಿಂತಿತು. ಅವಳ ಉಸಿರು ಕೇಳುತ್ತಿತ್ತು. ಆ ಮೌನವನ್ನು ನಾನು ಬಲ್ಲೆ. ಅದರಲ್ಲಿ ಅವಳನ್ನು ಎಷ್ಟು ಸಲ ನಿಲ್ಲಿಸಿದ್ದೆ. ಆಮೇಲೆ ಮೂರು ಕೀ ಒಟ್ಟಿಗೆ ಬಿದ್ದ ಸದ್ದು, ಮತ್ತೆ ಎರಡು. ಚಿಂಚೋಳಿಯ ಹೆಂಗಸಿನ ದನಿ ಫೋನಿನೊಳಗಿಂದ ಸಣ್ಣಗೆ ಮಾತಾಡಿತು.

"ಇಷ್ಟೇ ಏನ್ರಿ ಕಾಕಾ?" ಎಂದಳು.

"ಇಷ್ಟೇ."

"ಮೊದ್ಲಿಂದನೂ ಇಷ್ಟೇ ಇತ್ತೇನ್ರಿ?"

"ಹೌದು ಮಗಳಾ. ನಿನ್ನಿ ಫೋನೂ ಕೇಳಿಸಿತ್ತು."

ಮುನೀಮರು ವೈರನ್ನು ಮತ್ತೆ ಸಿಕ್ಕಿಸಿದರು. ಅವಳು ಸಂಪರ್ಕ ಮುಚ್ಚಿ ಹೊಸದಾಗಿ ಹಚ್ಚಿದಳು. ದನಿ ಬಂತು. "ಮಾಲಕ್ರೇ, ಆವಾಜ್ ಬಂದದ್ರಿ. ಯಾವ ಲಾರಿದು ಚೀಟಿ ಮಾಡ್ಲಿ ಹೇಳ್ರಿ," ಎಂದಳು. ನನ್ನೊಡನೆ ಆ ದಿನ ಮತ್ತೆ ಮಾತಾಡಲಿಲ್ಲ. ಪ್ರಿಂಟರ್ ಹಚ್ಚಿದರು. ಒಂದು ಚೀಟಿ ಬಂತು, ಒಂದೇ. ಮುನೀಮರು ಅದನ್ನು ಪ್ರಿಂಟರಿನಿಂದ ಹರಿದುಕೊಂಡು ಗೇಟಿಗೆ ಕಳಿಸಿ, ನನಗೊಂದು ಚಹಾ ತರಿಸಿಕೊಟ್ಟರು.

ಅವಳು ಕಾಯಂ ಆದಳು. ಆ ಸುದ್ದಿಯನ್ನೂ ಅವಳ ತಾಯಿಯೇ ಹೇಳಿದ್ದು, ಎರಡೇ ಮಾತಿನಲ್ಲಿ. ಮಂಡಿಯ ಬಗ್ಗೆ ಕೇಳಲಿಲ್ಲ.

ಆಮೇಲೂ ನಾನು ದಿನ ಬೆಳಿಗ್ಗೆ ನೆರವಿನ ಆ ಸಂಪರ್ಕವನ್ನು ತೆರೆದಿಡುತ್ತಿದ್ದೆ. ಆ ಕಡೆಯವರು ಕೂಡಿಕೊಂಡರೆ ಅದರಲ್ಲಿ ಒಂದು ಸಣ್ಣ ನಾದ ಬರುತ್ತದೆ. ಬರಲಿಲ್ಲ. ಚಿಂಚೋಳಿಯಲ್ಲಿ ನೆಟ್ ಹೋಗುತ್ತಲೇ ಇರಬೇಕು, ದನಿ ನಿಲ್ಲುತ್ತಲೇ ಇರಬೇಕು. ಅವಳು ಮೂರು ಕೀ ಒತ್ತಿ ಹೊರಬರುತ್ತಲೇ ಇರಬೇಕು. ನಾನು ಬಯಸಬೇಕಾದದ್ದು ಅದನ್ನೇ. ಆದರೂ ನಾದಕ್ಕಾಗಿ ಕಿವಿ ಇಟ್ಟು ಕೂರುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ದಿನ ಅವಳೇ ಫೋನು ಮಾಡಿದಳು. ಮೊದಲ ಸದ್ದಿಗೇ ಎತ್ತಿದೆ.

"ಕಾಕಾ, ಆರಾಮ ಅದೀರೇನ್ರಿ?"

"ಆರಾಮ ಅದೀನಿ ಮಗಳಾ. ದನಿ ನಿಂತದೇನು?"

"ಇಲ್ರಿ, ಛಲೋ ನಡದದ. ಚಿತ್ತಾಪುರದ ಒಬ್ಬಾಕಿಗೆ ನಾ ಕಲಿಸಾಕತ್ತೀನಿ. ಆಕಿನೂ ನಮ್ಮಂಗ. ಮೊದಲ ದಿನಾನೇ ಹೊರಗ ಬರೋದು ಹೇಳಿಕೊಟ್ಟೆ. ಒಳಗ ಹೋಗೋದು ಆಮ್ಯಾಲ."

"ಛಲೋ ಮಾಡಿದಿ."

"ಮತ್ತ ಕಾಕಾ, ನಮ್ಮ ಗುಪ್ತ ಪದ ಬದಲಿ ಮಾಡೀನ್ರಿ. ನಿಮ್ಗ ಹೇಳಿ ಮಾಡಬೇಕಿತ್ತು. ಮಾಡಿದ ಮ್ಯಾಲ ಹೇಳಾಕತ್ತೀನಿ."

ಹೊಸದೇನು ಎಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಹೇಳಿ ಫೋನು ಇಟ್ಟಳು. ನಾನು ಕಂಪ್ಯೂಟರಿನ ಕಡೆ ತಿರುಗಿ ನೆರವಿನ ಸಂಪರ್ಕದ ಹಳೆಯ ಪದವನ್ನು ಹುಡುಕಿ ಅಳಿಸಿದೆ. ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ. ಆಯಿತು ಎಂದು ಹೇಳಿ ಅದು ಸುಮ್ಮನಾಯಿತು.